ಕುಷ್ಟಗಿಯ ಸೀಡ್ಸ್ ಪ್ಲಾಟಿನಿಂದ ಬಯೋಇನ್ಫರ್ಮ್ಯಾಟಿಕ್ಸ್‌ಗೆ

ಹೈಬ್ರಿಡ್ ಮೆಣಸಿನಕಾಯಿ ಬೀಜ ನಿಜವಾಗಿಯೂ ಹೈಬ್ರಿಡ್ಡೇ ಅಂತ ನೋಡಿ ಹೇಳೋದು ನನ್ನ ಕೆಲಸ. ಅರ್ಧ ದಿನ ಹೊಲದ ವಿಷಯ, ಅರ್ಧ ದಿನ ಲಿನಕ್ಸ್ ಕಂಪ್ಯೂಟರಿನಲ್ಲಿ ಡಿಎನ್ಎ ಲೆಕ್ಕ, ಅದೇ ಬಯೋಇನ್ಫರ್ಮ್ಯಾಟಿಕ್ಸ್. ಕೊಪ್ಪಳದಲ್ಲಿ ಕೂತು ಇದನ್ನು ಮಾಡುವವರು ಕಡಿಮೆ. ಹಾಗಾಗಿ ಈ ಎರಡೂ ಸೇರಿದ್ದು ಹೇಗೆ ಅಂತ ಕೇಳುವ ಹುಡುಗ ಹುಡುಗಿಯರು ಜಾಸ್ತಿ. ಒಂದೇ ಸಲ ವಿವರವಾಗಿ ಬರೆದುಬಿಡೋಣ ಅನ್ನಿಸಿತು.

ಕುಷ್ಟಗಿ ಕಡೆಯವರಿಗೆ ಸೀಡ್ಸ್ ಪ್ಲಾಟ್ ಅಂದರೆ ಗೊತ್ತು. ಕಂಪನಿ ಹೆಣ್ಣು ಲೈನು, ಗಂಡು ಲೈನು, ಅಂದರೆ ಹೈಬ್ರಿಡ್ಡಿನ ತಾಯಿ ತಳಿ, ತಂದೆ ತಳಿ ಎರಡರ ಸಸಿಯನ್ನೂ ಕೊಡುತ್ತದೆ. ರೈತ ಬೆಳೆಸುತ್ತಾನೆ, ಹೆಣ್ಣುಮಕ್ಕಳು ಕ್ರಾಸಿಂಗ್ ಮಾಡುತ್ತಾರೆ. ಹೆಣ್ಣು ಗಿಡದ ಮೊಗ್ಗು ಇನ್ನೂ ಅರಳುವ ಮೊದಲೇ ಚಿಮಟದಿಂದ ಬಿಡಿಸಿ, ಒಳಗಿನ ಕೇಸರಗಳನ್ನು ತೆಗೆದುಹಾಕಬೇಕು. ಮೆಣಸಿನ ಗಿಡದಲ್ಲಿ ಅವು ತೆಳು ನೇರಳೆ ಬಣ್ಣಕ್ಕಿರುತ್ತವೆ. ಒಡೆದು ಪುಡಿ ಉದುರಿದ್ದರೆ ಆ ಮೊಗ್ಗು ತಡವಾಯಿತು ಅಂತ ಲೆಕ್ಕ, ಕಿತ್ತು ಬಿಸಾಡಬೇಕು. ಆಮೇಲೆ ಗಂಡು ಹೂವಿನ ಪುಡಿ ಮುಟ್ಟಿಸಿ, ತೊಟ್ಟಿಗೆ ಬಣ್ಣದ ದಾರ ಕಟ್ಟುತ್ತಾರೆ. ಕೊಯ್ಯುವಾಗ ದಾರ ಇರುವ ಕಾಯಿ ಮಾತ್ರ ಬೀಜಕ್ಕೆ. ನಮ್ಮ ದೊಡ್ಡಮ್ಮ ಈ ಕೆಲಸ ಮಾಡಿಕೊಂಡೇ ಮಕ್ಕಳನ್ನು ಓದಿಸಿದವರು. ನಾನೂ ರಜೆಯಲ್ಲಿ ಹೋಗುತ್ತಿದ್ದೆ.

ತಡವಾದ ಮೊಗ್ಗನ್ನು ಬಿಟ್ಟುಬಿಟ್ಟರೆ ಆ ಕಾಯಿಯ ಬೀಜ ಹೈಬ್ರಿಡ್ ಆಗಲ್ಲ, ಹೆಣ್ಣು ಲೈನೇ ಮತ್ತೆ ಹುಟ್ಟುತ್ತದೆ. ಇದಕ್ಕೆ ಎಲ್ಲರೂ ‘ಸೆಲ್ಫ್’ ಅಂತಾರೆ. ಬೀಜ ನೋಡಿ ಗುರುತಿಸೋಕೆ ಸಾಧ್ಯವಿಲ್ಲ. ಹಳೆಯ ದಾರಿ ಗ್ರೋ ಔಟ್ ಟೆಸ್ಟ್: ಬೀಜ ಬಿತ್ತಿ, ಗಿಡ ಬೆಳೆಸಿ, ಕಾಯಿ ಬಂದ ಮೇಲೆ ಬೇರೆ ಥರ ಕಾಣುವ ಗಿಡಗಳನ್ನು ಎಣಿಸೋದು. ಅದಕ್ಕೆ ಒಂದು ಹಂಗಾಮೇ ಹೋಗುತ್ತದೆ. ಅಲ್ಲಿಯವರೆಗೆ ಬೀಜ ಗೋದಾಮಿನಲ್ಲಿ, ರೈತನ ದುಡ್ಡು ಕಂಪನಿ ಹತ್ತಿರ. ಡಿಎನ್ಎ ಪರೀಕ್ಷೆಯಾದರೆ ಕೆಲವೇ ವಾರ.

ಆ ಪರೀಕ್ಷೆಯ ತತ್ವ ಸರಳ. ಡಿಎನ್ಎಯಲ್ಲಿ ಒಂದು ಜಾಗ ಹುಡುಕಬೇಕು. ಅಲ್ಲಿ ಹೆಣ್ಣು ಲೈನಿನಲ್ಲಿ A ಅಕ್ಷರ ಇದ್ದರೆ ಗಂಡಿನಲ್ಲಿ T ಇರಬೇಕು. ನಿಜವಾದ ಹೈಬ್ರಿಡ್ಡಿನಲ್ಲಿ ಎರಡೂ ಕಾಣಿಸುತ್ತವೆ, ಸೆಲ್ಫ್‌ನಲ್ಲಿ ಬರೀ A. ಇಂಥ ಒಂದಕ್ಷರದ ವ್ಯತ್ಯಾಸಕ್ಕೆ ಸ್ನಿಪ್ ಅಂತಾರೆ. ಅದನ್ನು ಓದೋಕೆ ಕಾಸ್ಪ್ ಅನ್ನೋ ವಿಧಾನವಿದೆ. ಒಂದು ಅಕ್ಷರಕ್ಕೆ ಒಂದು ಬಣ್ಣದ ಬೆಳಕು, ಇನ್ನೊಂದಕ್ಕೆ ಇನ್ನೊಂದು. ಚಿತ್ರ ಹಾಕಿದರೆ ಹೆಣ್ಣು ಲೈನು ಒಂದು ಮೂಲೆಯಲ್ಲಿ, ಗಂಡು ಇನ್ನೊಂದು ಮೂಲೆಯಲ್ಲಿ, ಹೈಬ್ರಿಡ್ ನಡುವೆ ಗುಂಪಾಗಿ ಕೂರುತ್ತವೆ.

ನಾನು ಕಲಿತಿದ್ದು ತಳಿ ಅಭಿವೃದ್ಧಿ, ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಸಿ. ಕಂಪ್ಯೂಟರ್ ಕಲಿತಿದ್ದು ಅನಿವಾರ್ಯಕ್ಕೆ. ಪ್ರಬಂಧಕ್ಕೆ ಬಂದ ಫೈಲು ಎಕ್ಸೆಲ್‌ನಲ್ಲಿ ತೆರೆಯಲೇ ಇಲ್ಲ, ಅಷ್ಟು ದೊಡ್ಡದು. ಹಳೆ ಲ್ಯಾಪ್‌ಟಾಪಿಗೆ ಉಬುಂಟು ಹಾಕಿಕೊಂಡು ಮೊದಲು ಶೆಲ್ ಕಲಿತೆ: `grep`, `awk`, `sort`, ಪೈಪು. ಆಮೇಲೆ ಓದಿದ ಡಿಎನ್ಎ ತುಣುಕುಗಳನ್ನು ಜೀನೋಮಿಗೆ, ಅಂದರೆ ಗಿಡದ ಇಡೀ ಡಿಎನ್ಎಯ ಮಾದರಿ ಪ್ರತಿಗೆ, ಹೊಂದಿಸುವ `bwa`, ವ್ಯತ್ಯಾಸ ಪಟ್ಟಿ ಮಾಡುವ `bcftools`. ಪೈಥಾನ್ ಇವತ್ತಿಗೂ ನನಗೆ ಅಷ್ಟಕ್ಕಷ್ಟೇ, ಟೇಬಲ್ ಓದಿ ಎಣಿಸುವಷ್ಟು. ಅದರ ಜೊತೆ ಸ್ವಲ್ಪ ಸಂಭಾವ್ಯತೆ ಲೆಕ್ಕ. ಮಷೀನ್ ಲರ್ನಿಂಗ್ ಕೋರ್ಸಿಗೆ ದುಡ್ಡು ಕಟ್ಟು ಅಂತ ತುಂಬಾ ಜನ ಹೇಳಿದರು. ನನ್ನ ಕೆಲಸಕ್ಕೆ ಅದು ಇನ್ನೂ ಬೇಕಾಗಿಲ್ಲ.

ಮೊದಲು ಸಿಕ್ಕ ಸ್ವತಂತ್ರ ಕೆಲಸದಿಂದಲೇ ನನ್ನ ಜಾಗ ಯಾವುದು ಅಂತ ಗೊತ್ತಾಯಿತು. ಮಧ್ಯಮ ಗಾತ್ರದ ಒಂದು ಬೀಜ ಕಂಪನಿ ತನ್ನ ಮೆಣಸಿನ ಹೈಬ್ರಿಡ್ಡಿನ ತಂದೆ ತಾಯಿ ಎರಡೂ ಲೈನುಗಳ ಡಿಎನ್ಎ ಓದಿಸಿತ್ತು. ನಗರದ ಒಂದು ಸಾಫ್ಟ್‌ವೇರ್ ತಂಡ ಅದರಿಂದ ಮಾರ್ಕರ್ ಪಟ್ಟಿ, ಅಂದರೆ ಪರೀಕ್ಷೆಗೆ ಬಳಸಬಹುದಾದ ಸ್ನಿಪ್ ಜಾಗಗಳ ಪಟ್ಟಿ, ಮಾಡಿಕೊಟ್ಟಿತ್ತು. ಪಟ್ಟಿಯ ಮೇಲಿನ ಹತ್ತನ್ನು ಲ್ಯಾಬಿನಲ್ಲಿ ಹಾಕಿದರೆ ಬಹುತೇಕ ಎಲ್ಲವೂ ಕೆಟ್ಟವು. ಗಂಡು ಲೈನು ತನ್ನ ಮೂಲೆಯಲ್ಲಿ ಕೂರುವ ಬದಲು ನಡುವೆ ಬಂದು ಕೂತಿತ್ತು. ಹೈಬ್ರಿಡ್ ಅದಕ್ಕೂ ಹೆಣ್ಣಿಗೂ ಮಧ್ಯೆ ಎಲ್ಲೋ ಸಿಕ್ಕಿಕೊಂಡು ಹರಡಿತ್ತು. ಲ್ಯಾಬಿನವರು ಕೆಮಿಕಲ್ ಸರಿಯಿಲ್ಲ ಅಂದರು. ಸಾಫ್ಟ್‌ವೇರಿನವರು ಲ್ಯಾಬ್ ಸರಿಯಿಲ್ಲ ಅಂದರು.

ನಾನು ಪಟ್ಟಿಯ ಮೂಲ ಫೈಲು ತರಿಸಿಕೊಂಡು ನೋಡಿದೆ. ಆ ಹತ್ತರಲ್ಲಿ ಹೆಚ್ಚಿನವುಗಳಲ್ಲಿ ಹೆಣ್ಣು ಲೈನು `0/0`, ಗಂಡು ಲೈನು `0/1` ಅಂತ ಇತ್ತು. ಅಂದರೆ ಗಂಡು ಲೈನಿನಲ್ಲೇ ಎರಡೂ ಅಕ್ಷರ. ಪ್ರೋಗ್ರಾಂ ಬರೆದವರ ಪ್ರಕಾರ ಇಬ್ಬರೂ ಬೇರೆ ಬೇರೆ, ಹಾಗಾಗಿ ಮಾರ್ಕರ್ ಆಯಿತು. ತಳಿ ಅಭಿವೃದ್ಧಿ ಓದಿದವರಿಗೆ ಇದು ಕಣ್ಣಿಗೆ ಚುಚ್ಚುತ್ತದೆ. ಈ ಲೈನುಗಳನ್ನು ತಲೆಮಾರುಗಟ್ಟಲೆ ತಮ್ಮಲ್ಲೇ ಕೂಡಿಸಿ ಬೆಳೆಸಿರುತ್ತಾರೆ. ಪ್ರತಿ ತಲೆಮಾರಿಗೆ ಇಂಥ ಮಿಶ್ರ ಜಾಗಗಳು ಅರ್ಧಕ್ಕೆ ಇಳಿಯುತ್ತವೆ. 7 ತಲೆಮಾರು ದಾಟಿದರೆ ಮೊದಲಿದ್ದುದರಲ್ಲಿ ನೂರಕ್ಕೆ ಒಂದೂ ಉಳಿಯಲ್ಲ. ಈ ಫೈಲಿನಲ್ಲಿ ಮಿಶ್ರ ಜಾಗಗಳು ರಾಶಿ ರಾಶಿ ಇದ್ದವು. ಅವು ನಿಜ ಇರೋಕೆ ಸಾಧ್ಯವೇ ಇಲ್ಲ.

ಹಾಗಾದರೆ ಏನು ಅವು? ಪಕ್ಕದ ಕಾಲಂ ನೋಡಿದರೆ ಉತ್ತರ ಅಲ್ಲೇ ಇತ್ತು. ಉಳಿದ ಕಡೆ ಒಂದು ಜಾಗವನ್ನು ಸರಾಸರಿ 20 ತುಣುಕುಗಳು ಓದಿದ್ದರೆ, ಇಲ್ಲಿ 40ರ ಆಸುಪಾಸು ಇತ್ತು. ಮೆಣಸಿನ ಗಿಡದ ಜೀನೋಮ್ 300 ಕೋಟಿ ಅಕ್ಷರಕ್ಕೂ ಮೇಲೆ, ಹೆಚ್ಚೂ ಕಡಿಮೆ ಮನುಷ್ಯನಷ್ಟೇ ದೊಡ್ಡದು. ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಭಾಗ ಒಂದೇ ಥರದ ಸಾಲುಗಳು ಮತ್ತೆ ಮತ್ತೆ ಬಂದಿದ್ದು. ಗಿಡದಲ್ಲಿ ಎರಡು ಜಾಗದಲ್ಲಿ ಇರುವ ಒಂದೇ ಥರದ ಸಾಲು ಮಾದರಿ ಜೀನೋಮಿನಲ್ಲಿ ಒಂದೇ ಕಡೆ ದಾಖಲಾಗಿದ್ದರೆ, ಎರಡೂ ಕಡೆಯ ತುಣುಕುಗಳು ಅಲ್ಲೇ ಬಂದು ಬೀಳುತ್ತವೆ. ಒಂದು ಪ್ರತಿಯಲ್ಲಿ A, ಇನ್ನೊಂದು ಪ್ರತಿಯಲ್ಲಿ T. ಪ್ರೋಗ್ರಾಂ ಅದನ್ನು ಒಂದೇ ಜಾಗದ ಮಿಶ್ರ ಅಂತ ಬರೆಯುತ್ತದೆ.

ಇನ್ನೂ ಮಜಾ ಇದೆ. ಸಾಫ್ಟ್‌ವೇರ್ ತಂಡ ಪಟ್ಟಿಯನ್ನು ಗುಣಮಟ್ಟದ ಅಂಕದ ಮೇಲೆ, ಅಂದರೆ `QUAL` ನೋಡಿ ಜೋಡಿಸಿತ್ತು. ತುಣುಕು ಜಾಸ್ತಿ ಆದಷ್ಟೂ ಆ ಅಂಕ ಏರುತ್ತದೆ. ಹಾಗಾಗಿ ಸುಳ್ಳು ಮಾರ್ಕರುಗಳೇ ಮೆರಿಟ್ ಲಿಸ್ಟಿನ ಮೇಲೆ ಬಂದು ಕೂತಿದ್ದವು. ಅವರ ಕೋಡಿನಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ಲ್ಯಾಬಿನವರ ಕೈಕೆಲಸವೂ ಚೆನ್ನಾಗಿಯೇ ಇತ್ತು.

ನಾನು ಮಾಡಿದ್ದು ದೊಡ್ಡದೇನೂ ಅಲ್ಲ. ಇಬ್ಬರೂ ಪೂರ್ತಿ ಶುದ್ಧವಾಗಿದ್ದು ಬೇರೆ ಬೇರೆ ಇರುವ ಜಾಗ ಮಾತ್ರ ತೆಗೆದುಕೊಂಡೆ. ತುಣುಕಿನ ಸಂಖ್ಯೆಗೆ ಕೆಳಗೂ ಮೇಲೂ ಎರಡೂ ಕಡೆ ಮಿತಿ ಹಾಕಿದೆ. ಇಲ್ಲಿ `RR` ಅಂದರೆ ಎರಡೂ ಪ್ರತಿಯಲ್ಲಿ ಮಾದರಿ ಜೀನೋಮಿನ ಅಕ್ಷರ, `AA` ಅಂದರೆ ಎರಡರಲ್ಲೂ ಅದಲ್ಲದ ಅಕ್ಷರ:

```
bcftools view -m2 -M2 -v snps -i 'GT[0]="RR" && GT[1]="AA" &&
  FMT/DP[0]>=10 && FMT/DP[0]<=35 &&
  FMT/DP[1]>=10 && FMT/DP[1]<=35' parents.vcf.gz > candidates.vcf
```

ಇದೇ ಸಾಲನ್ನು `RR` ಮತ್ತು `AA` ಅದಲು ಬದಲು ಮಾಡಿ, ಕೊನೆಯ ಫೈಲಿನ ಹೆಸರನ್ನೂ ಬದಲಿಸಿ ಇನ್ನೊಮ್ಮೆ ಓಡಿಸಬೇಕು. ಆಮೇಲೆ ಪ್ರತಿ ಸ್ನಿಪ್‌ನ ಎಡಬಲದ 50 ಅಕ್ಷರಗಳನ್ನು ತೆಗೆದು, ಅದೇ ಥರದ ಸಾಲು ಬೇರೆ ಎಲ್ಲಾದರೂ ಇದೆಯಾ ಅಂತ ಇಡೀ ಜೀನೋಮಿನಲ್ಲಿ ಬ್ಲಾಸ್ಟ್ ಮಾಡಿ ಹುಡುಕಿದೆ. ಎರಡನೇ ಕಡೆ ಹೊಂದಿಕೆ ಬಂದರೆ ಬಿಟ್ಟುಬಿಡೋದು. ಪರೀಕ್ಷೆಗೆ ಬಳಸುವ ಪುಟ್ಟ ಡಿಎನ್ಎ ತುಂಡು, ಅಂದರೆ ಪ್ರೈಮರ್, ಕೂರುವ ಜಾಗದಲ್ಲಿ ಇನ್ನೊಂದು ಸ್ನಿಪ್ ಇದ್ದರೂ ಬಿಡೋದು. ಲಕ್ಷಗಟ್ಟಲೆ ಇದ್ದದ್ದು ಸರಸರ ಇಳಿಯಿತು. ಉಳಿದವುಗಳಲ್ಲಿ ಬೇರೆ ಬೇರೆ ಕ್ರೋಮೋಸೋಮಿನಿಂದ ಆರಿಸಿ ಲ್ಯಾಬಿಗೆ ಕೊಟ್ಟೆ. ಮೂರು ಗುಂಪು ಸ್ಪಷ್ಟವಾಗಿ ಬಿಡಿಬಿಡಿಯಾಗಿ ಬಂತು. ಆ ಕಂಪನಿ ಇವತ್ತಿಗೂ ನನ್ನ ಗಿರಾಕಿ.

ಎರಡನೇ ತೊಂದರೆ ಬಂದಿದ್ದು ಅವಸರದಿಂದ. ಬೀಜ ಮೊಳಕೆ ಬಂದು ಎಲೆ ಬಿಡೋಕೆ ಎರಡು ವಾರ ಬೇಕು, ಅಷ್ಟು ಯಾಕೆ ಕಾಯೋದು, ಬೀಜವನ್ನೇ ಅರೆದು ಡಿಎನ್ಎ ತೆಗೆಯೋಣ ಅಂತ ಒಂದು ಲ್ಯಾಬಿನವರು ಹೊರಟರು. ಚಿತ್ರದಲ್ಲಿ ಹೈಬ್ರಿಡ್ ಗುಂಪು ಇಡಿಯಾಗಿ ಹೆಣ್ಣಿನ ಕಡೆ ಜಾರಿತ್ತು. ಯಂತ್ರ ಕೆಲವನ್ನು ಸೆಲ್ಫ್ ಅಂತ ಬರೆಯಿತು, ಕೆಲವನ್ನು ಗೊತ್ತಿಲ್ಲ ಅಂತ ಬಿಟ್ಟಿತು. ಕಾರಣ ಬೀಜದ ಒಳಗೇ ಇದೆ. ಬೀಜದ ಸಿಪ್ಪೆ ಪೂರ್ತಿ ತಾಯಿಯದು, ತಂದೆಯ ಪಾಲು ಅದರಲ್ಲಿ ಇಲ್ಲ. ಒಳಗಿನ ಆಹಾರದ ಭಾಗದಲ್ಲಿ ತಾಯಿಯದು ಎರಡು ಪಾಲು, ತಂದೆಯದು ಒಂದು. ಭ್ರೂಣದಲ್ಲಿ ಮಾತ್ರ ಸಮಸಮ. ಎಲ್ಲ ಸೇರಿಸಿ ಅರೆದರೆ ತಾಯಿಯ ಬಣ್ಣ ಹೆಚ್ಚಾಗಲೇಬೇಕು. ಹೀಗಾಗಿದೆಯೋ ಇಲ್ಲ ಬೀಜ ನಿಜಕ್ಕೂ ಕೆಟ್ಟಿದೆಯೋ ಅಂತ ತಿಳಿಯೋದು ಸುಲಭ. ಬೀಜ ಕೆಟ್ಟಿದ್ದರೆ ಕೆಲವು ಚುಕ್ಕೆಗಳು ಮಾತ್ರ ಗುಂಪು ಬಿಟ್ಟು ಹೋಗುತ್ತವೆ. ಇಡೀ ಗುಂಪೇ ಸರಿದಿದ್ದರೆ ಅದು ಅರೆದ ರೀತಿಯ ತಪ್ಪು. ಪ್ಲೇಟಿನಲ್ಲಿ ಖಚಿತ ಹೈಬ್ರಿಡ್ ಗಿಡದ ಎಲೆಯ ಮಾದರಿ ಒಂದು ಇಟ್ಟುಕೊಂಡಿದ್ದರೆ ಅನುಮಾನವೇ ಬರಲ್ಲ. ಈಗ ನಾನು ಎಲೆಯಿಂದಲೇ ಮಾಡಿಸುತ್ತೇನೆ, ಎರಡು ವಾರ ಹೋದರೆ ಹೋಗಲಿ.

ಎಷ್ಟು ಬೀಜ ನೋಡಬೇಕು ಅನ್ನೋದರ ಮೇಲೆ ಕಂಪನಿಯವರ ಜೊತೆ ಪ್ರತಿ ಸಲ ಚೌಕಾಶಿ. ಒಂದು ಪ್ಲೇಟಿನಲ್ಲಿ 96 ಗುಳಿ. ತಂದೆ, ತಾಯಿ, ಖಚಿತ ಹೈಬ್ರಿಡ್, ಬರೀ ನೀರು ಇವಕ್ಕೆ ನಾಲ್ಕು ಹೋದರೆ 92 ಬೀಜ. "92ರಲ್ಲಿ ಒಂದೂ ಸೆಲ್ಫ್ ಇಲ್ಲ ಅಂದಮೇಲೆ ನೂರಕ್ಕೆ ನೂರು ಅಂತ ಬರೆದುಕೊಡ್ರಿ ಮೇಡಂ" ಅಂತಾರೆ. ಹಾಗೆ ಬರೆಯೋಕೆ ಆಗಲ್ಲ. ಲಾಟಿನಲ್ಲಿ ನಿಜವಾಗಿ ನೂರಕ್ಕೆ 2 ಸೆಲ್ಫ್ ಇದ್ದರೂ 92 ಬೀಜದಲ್ಲಿ ಒಂದೂ ಸಿಗದೇ ಇರುವ ಸಾಧ್ಯತೆ `0.98**92`, ಅಂದರೆ ನೂರಕ್ಕೆ ಸುಮಾರು 16. ಈ ಸಾಧ್ಯತೆ ನೂರಕ್ಕೆ 5ಕ್ಕಿಂತ ಕೆಳಗೆ ಬರಬೇಕಾದರೆ ಕನಿಷ್ಠ 149 ಬೀಜ ಬೇಕು, ಅದೂ ಒಂದೂ ಕೆಟ್ಟದ್ದು ಬರದಿದ್ದರೆ. ಅದಕ್ಕೇ ಎರಡು ಪ್ಲೇಟು, 184 ಬೀಜ ಅಂತ ನಿಗದಿ ಮಾಡಿದ್ದೇನೆ.

ಈಗ ಒಂದು ಲಾಟಿನ ಕಥೆ ಹೇಳುತ್ತೇನೆ, ಈ ಕೆಲಸಕ್ಕೆ ಬೆಲೆ ಎಲ್ಲಿಂದ ಬರುತ್ತದೆ ಅಂತ ಅದರಲ್ಲಿ ಕಾಣುತ್ತದೆ. ತಾವರಗೇರಾ ಕಡೆಯ ಒಬ್ಬ ರೈತರ ಲಾಟು. 184ರಲ್ಲಿ 4 ಬೀಜದ ಡಿಎನ್ಎ ಸರಿಯಾಗಿ ಬರಲಿಲ್ಲ. ಉಳಿದ 180ರಲ್ಲಿ 171 ಹೈಬ್ರಿಡ್, ನೂರಕ್ಕೆ 95. ಕಂಪನಿಯ ಒಪ್ಪಂದ 98ಕ್ಕೆ. ಕಂಪನಿಯ ಮ್ಯಾನೇಜರು ಆಗಲೇ ಕ್ರಾಸಿಂಗ್ ಸರಿ ಮಾಡಿಲ್ಲ ಅಂತ ತೀರ್ಮಾನಿಸಿ ಆಗಿತ್ತು. ಹಾಗಾದರೆ ರೈತರಿಗೆ ದರ ಕಡಿತ, ಅವರು ಕೂಲಿಯವರ ಮೇಲೆ ಹಾಕುತ್ತಾರೆ.

ನಾನು ಒಂದೇ ಮಾರ್ಕರ್ ನೋಡಲ್ಲ, ಆರು ನೋಡುತ್ತೇನೆ. ಸೆಲ್ಫ್ ಆದ ಬೀಜ ಆರರಲ್ಲೂ ಬರೀ ಹೆಣ್ಣಿನ ಅಕ್ಷರ ತೋರಿಸಬೇಕು. ಕೆಟ್ಟ 9ರಲ್ಲಿ ಹಾಗೆ ತೋರಿಸಿದ್ದು 2 ಮಾತ್ರ. ಉಳಿದ 7 ಬೀಜಗಳು ನಾಲ್ಕು ಮಾರ್ಕರಿನಲ್ಲಿ ಹೈಬ್ರಿಡ್ ಥರವೇ ಇದ್ದವು, ಎರಡನೇ ಮತ್ತು ಐದನೇ ಮಾರ್ಕರಿನಲ್ಲಿ ಮಾತ್ರ ಬರೀ ಹೆಣ್ಣಿನ ಅಕ್ಷರ. ಏಳಕ್ಕೆ ಏಳೂ ಅದೇ ವಿನ್ಯಾಸ. ಅಂದರೆ ಆ ಮೊಗ್ಗುಗಳಲ್ಲಿ ಕೇಸರ ಸರಿಯಾಗಿಯೇ ತೆಗೆದಿದ್ದರು, ಪುಡಿಯೂ ಮುಟ್ಟಿಸಿದ್ದರು. ಆದರೆ ಆ ಪುಡಿ ನಮ್ಮ ಗಂಡಿನದಲ್ಲ.

ಜೇನುಹುಳ ತಂದಿದ್ದಾಗಿದ್ದರೆ? ಮೆಣಸಿನ ಗಿಡದಲ್ಲಿ ಅದೂ ಉಂಟು. ಆದರೆ ಸುತ್ತಮುತ್ತಲಿನ ಹೊಲಗಳ ಹೈಬ್ರಿಡ್ ಗಿಡಗಳಿಂದ ಪುಡಿ ಬಂದಿದ್ದರೆ ವಿನ್ಯಾಸ ಬೀಜಕ್ಕೊಂದು ಥರ ಚೆದುರಿರುತ್ತಿತ್ತು. ಏಳೂ ಒಂದೇ ಥರ ಅಂದರೆ ಪುಡಿ ಕೊಟ್ಟಿದ್ದು ಒಂದು ಶುದ್ಧ ಲೈನು. ಕಂಪನಿಯ ಬೇರೆ ಗಂಡು ಲೈನುಗಳ ಡಿಎನ್ಎ ಮಾಹಿತಿ ನನ್ನ ಹತ್ತಿರ ಇತ್ತು. ಅದರಲ್ಲಿ ಎರಡನೇ, ಐದನೇ ಮಾರ್ಕರಿನಲ್ಲಿ ಹೆಣ್ಣಿನ ಅಕ್ಷರವೂ ಉಳಿದ ನಾಲ್ಕರಲ್ಲಿ ಗಂಡಿನ ಅಕ್ಷರವೂ ಇರುವ ಲೈನು ಒಂದೇ ಸಿಕ್ಕಿತು. ಹೊಲಕ್ಕೆ ಹೋಗಿ ಗಂಡು ಸಾಲಿನ ಗಿಡಗಳಿಂದ ಒಂದೊಂದು ಎಲೆ ಕಿತ್ತು ತಂದೆ. ಅಲ್ಲಿದ್ದ ಹಿರಿಯ ಹೆಣ್ಣುಮಗಳೊಬ್ಬರು, "ತಂಗಿ, ಆ ಮೂಲ್ಯಾಗಿನ ಗಿಡದ ಎಲೀ ಸ್ವಲ್ಪ ಅಗಲ ಅದಾವ ನೋಡವಾ, ನಾವು ಮೊದಲ ಹೇಳಿದ್ವಿ, ಯಾರೂ ಕೇಳಲಿಲ್ಲ" ಅಂದರು. ಅಗಲ ಎಲೆಯ ಆ ಗಿಡಗಳೇ ಬೇರೆ ಲೈನು. ನರ್ಸರಿಯಲ್ಲೇ ಎರಡು ಗಂಡು ಲೈನಿನ ಸಸಿಗಳು ಬೆರೆತು ಬಂದಿದ್ದವು, ಪುಡಿ ಕೂಡಿಸುವಾಗ ಎಲ್ಲವೂ ಒಂದೇ ಡಬ್ಬಿಗೆ ಹೋಗಿತ್ತು.

ವರದಿಯಲ್ಲಿ ಸೆಲ್ಫ್ 2, ಪರಪುಡಿ 7, ಮೂಲ ಇಂಥ ಲೈನು ಅಂತ ಬರೆದೆ. ಸೆಲ್ಫ್ ಲೆಕ್ಕ ಮಾತ್ರ ಹಿಡಿದರೆ ರೈತರ ಕಡೆಯ ತಪ್ಪು ನೂರಕ್ಕೆ ಒಂದರ ಆಸುಪಾಸು. ಮ್ಯಾನೇಜರಿಗೆ ಖುಷಿಯಾಗಲಿಲ್ಲ. ಆದರೂ ದರ ಕಡಿತ ನಿಂತಿತು, ಯಾಕಂದರೆ ಅದೇ ನರ್ಸರಿಯ ಸಸಿ ಇನ್ನೂ ಎಷ್ಟು ಹೊಲಕ್ಕೆ ಹೋಗಿದೆ ಅನ್ನೋದು ಅವರಿಗೆ ದೊಡ್ಡ ಚಿಂತೆ ಆಯಿತು.

ಇದರಲ್ಲಿ ಅದೃಷ್ಟವೂ ಇತ್ತು ಅನ್ನಿ. ಬೆರೆತ ಲೈನು ಆರೂ ಮಾರ್ಕರಿನಲ್ಲಿ ಸರಿಯಾದ ಗಂಡಿನಂತೆಯೇ ಇದ್ದಿದ್ದರೆ ಆ 7 ಬೀಜಗಳೂ ಹೈಬ್ರಿಡ್ ಅಂತ ಪಾಸಾಗುತ್ತಿದ್ದವು. ಅದಾದ ಮೇಲೆ ನಾನು ಮಾರ್ಕರ್ ಆರಿಸುವಾಗ ತಂದೆ ತಾಯಿ ಇಬ್ಬರನ್ನು ಮಾತ್ರ ನೋಡಲ್ಲ. ಕಂಪನಿಯ ಎಲ್ಲ ಗಂಡು ಲೈನುಗಳನ್ನೂ ಪಕ್ಕಪಕ್ಕ ಇಟ್ಟು, ಆರರಲ್ಲಿ ಕನಿಷ್ಠ ಎರಡರಲ್ಲಾದರೂ ಒಂದನ್ನೊಂದು ಬೇರೆ ಮಾಡುವಂಥ ಗುಂಪು ಹುಡುಕುತ್ತೇನೆ. ಪೈಥಾನಿನಲ್ಲಿ ಪುಟ್ಟ ಲೂಪು, ಅಷ್ಟೇ. ಆದರೆ ಅದನ್ನು ಬರೆಯಬೇಕು ಅಂತ ತಿಳಿಯೋಕೆ ಪುಡಿ ಹೇಗೆ ಬೆರೆಯುತ್ತದೆ ಅಂತ ಹೊಲದಲ್ಲಿ ನೋಡಿರಬೇಕು.

ದುಡ್ಡಿನ ವಿಷಯ. ದೊಡ್ಡ ಕಂಪನಿಗಳಿಗೆ ಅವರದೇ ತಂಡ ಇರುತ್ತದೆ, ಅಲ್ಲಿ ನನಗೆ ಕೆಲಸವಿಲ್ಲ. ತೀರಾ ಸಣ್ಣವರು ಡಿಎನ್ಎ ಓದಿಸುವ ಖರ್ಚೇ ಮಾಡಲ್ಲ. ನಡುವಿನವರೇ ನನ್ನ ಗಿರಾಕಿಗಳು. ಮಾರ್ಕರ್ ಹುಡುಕಿಕೊಡೋದು ಒಂದು ಹೈಬ್ರಿಡ್ಡಿಗೆ ಒಂದೇ ಸಲದ ಕೆಲಸ, ಕೊಟ್ಟ ಮೇಲೆ ಮುಗಿಯಿತು. ಅದಕ್ಕೆ ಕಡಿಮೆ ತೆಗೆದುಕೊಂಡು, ಪ್ರತಿ ಲಾಟಿನ ವರದಿಗೆ ಇಷ್ಟು ಅಂತ ಮಾಡಿಕೊಂಡಿದ್ದೇನೆ. ಕಾಯಿ ಕೊಯ್ಲಿನ ನಂತರದ ತಿಂಗಳುಗಳಲ್ಲಿ ನಿದ್ದೆ ಇಲ್ಲ, ಉಳಿದ ಕಾಲ ಖಾಲಿ. ಲ್ಯಾಬ್ ಸ್ವಂತದ್ದಿಲ್ಲ. ಎಲೆ ಹೈದರಾಬಾದಿಗೆ ಹೋಗುತ್ತದೆ, ಫೈಲು ಇಲ್ಲಿಗೆ ಬರುತ್ತದೆ.

ಈ ವರ್ಷ ಒಂದು ಕಂಪನಿ ಉಳ್ಳಾಗಡ್ಡಿ ಹೈಬ್ರಿಡ್ಡಿಗೂ ಹೀಗೇ ಮಾಡಿಕೊಡಿ ಅಂತ ಕೇಳಿದೆ. ನಮ್ಮ ಕಡೆ ಉಳ್ಳಾಗಡ್ಡಿ ಬೇಕಾದಷ್ಟು, ಮಾರುಕಟ್ಟೆಯೂ ಇದೆ. ಆದರೆ ಅದರ ಜೀನೋಮ್ ಸುಮಾರು 1,600 ಕೋಟಿ ಅಕ್ಷರ, ಮೆಣಸಿನ ಐದು ಪಟ್ಟು. ಪೂರ್ತಿ ಓದಿಸೋದು ದುಬಾರಿ, ಆಯ್ದ ತುಣುಕುಗಳನ್ನು ಮಾತ್ರ ಓದಿಸಬೇಕು. ಅದಕ್ಕಿಂತ ದೊಡ್ಡ ತೊಡಕು ಬೇರೆ. ಉಳ್ಳಾಗಡ್ಡಿ ಪರಪರಾಗಸ್ಪರ್ಶದ ಬೆಳೆ. ತನ್ನಲ್ಲೇ ಕೂಡಿಸುತ್ತಾ ಹೋದರೆ ಬೇಗ ಸೊರಗುತ್ತದೆ, ಹಾಗಾಗಿ ತಂದೆ ತಾಯಿ ಲೈನುಗಳನ್ನು ಪೂರ್ತಿ ಶುದ್ಧ ಮಾಡಿರೋದೇ ಇಲ್ಲ. ಅಲ್ಲಿ ಮಿಶ್ರ ಜಾಗ ಕಂಡರೆ ಅದು ಸುಳ್ಳೂ ಇರಬಹುದು, ನಿಜವೂ ಇರಬಹುದು. ಮೆಣಸಿನಕಾಯಿಗೆ ಬರೆದ ಫಿಲ್ಟರನ್ನು ಹಾಗೇ ಓಡಿಸಿದರೆ ಒಳ್ಳೆ ಮಾರ್ಕರುಗಳೂ ಕಸದ ಜೊತೆ ಹೋಗುತ್ತವೆ. ಒಂದು ಗಿಡ ಓದಿಸಿ ಲೈನು ಓದಿಸಿದೆ ಅನ್ನೋಕೂ ಆಗಲ್ಲ. ಪ್ರತಿ ಲೈನಿನಿಂದ ಬಿಡಿಬಿಡಿ ಗಿಡಗಳ ಎಲೆ ಬೇಕು, ಇಡೀ ಲೈನಿನಲ್ಲಿ ಒಂದೇ ಅಕ್ಷರ ನೆಲೆನಿಂತ ಜಾಗಗಳನ್ನಷ್ಟೇ ಆರಿಸಬೇಕು. ಕಂಪನಿಗೆ ಹಾಗೇ ಪತ್ರ ಬರೆದಿದ್ದೇನೆ: ಲೈನಿಗೆ 24 ಗಿಡ, ಗಿಡಕ್ಕೊಂದು ಲಕೋಟೆ, ಮೇಲೆ ಸಾಲಿನ ನಂಬರು, ಗಿಡದ ನಂಬರು ಎರಡೂ. ಎಲೆ ಒಟ್ಟಿಗೆ ತುಂಬಿ ಕಳಿಸಿದರೆ ವಾಪಸ್ ಕಳಿಸುತ್ತೇನೆ ಅಂತಲೂ ಬರೆದಿದ್ದೇನೆ.